ಸುರಕ್ಷತಾ ಯೋಜನೆ (ಆತ್ಮಹತ್ಯೆ ತಡೆ)

ಸುರಕ್ಷತಾ ಯೋಜನೆ ಎಂಬುದು ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ವ್ಯಕ್ತಿಯೂ ಚಿಕಿತ್ಸಕರೂ ಜೊತೆಯಾಗಿ ಕುಳಿತು ಬರೆಯುವ ಒಂದು ಪುಟದ ಬರಹ. ಸಾಯಬೇಕೆಂಬ ಆಲೋಚನೆ ಮತ್ತೆ ಬಂದಾಗ ಮೊದಲು ಏನು ಮಾಡಬೇಕು, ಅದರಿಂದ ಆಗದಿದ್ದರೆ ಮುಂದೇನು ಎಂಬುದು ಅದರಲ್ಲಿ ಆರು ಹಂತಗಳಾಗಿ, ಆ ವ್ಯಕ್ತಿಯ ಮಾತಿನಲ್ಲಿಯೇ ಇರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಇದನ್ನು ಬರೆಯುವುದು ವಾಡಿಕೆ. ಯತ್ನದ ನಂತರದ ಕೆಲವು ವಾರಗಳಲ್ಲಿ ಅಪಾಯ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

## ಹಿನ್ನೆಲೆ

ಈಗ ಬಳಕೆಯಲ್ಲಿರುವ ಆರು ಹಂತಗಳ ರೂಪವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದರು. ಅವರ ಕೈಪಿಡಿ 2008ರಲ್ಲಿಯೂ ವಿಧಾನವನ್ನು ವಿವರಿಸುವ ಲೇಖನ 2012ರಲ್ಲಿಯೂ ಪ್ರಕಟವಾದವು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 1,640 ಮಂದಿಯನ್ನು ಗಮನಿಸಿದ ಅಧ್ಯಯನವೊಂದು 2018ರಲ್ಲಿ ಹೊರಬಂದಿತು. ಸುರಕ್ಷತಾ ಯೋಜನೆ ಬರೆದು, ಬಳಿಕ ದೂರವಾಣಿಯಲ್ಲಿ ವಿಚಾರಿಸಿಕೊಂಡ ಗುಂಪಿನಲ್ಲಿ ಆರು ತಿಂಗಳ ಅವಧಿಯಲ್ಲಿ ಸುಮಾರು ನೂರಕ್ಕೆ 3 ಮಂದಿಯಲ್ಲಿ ಆತ್ಮಹತ್ಯಾ ವರ್ತನೆ ಮರುಕಳಿಸಿತು. ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದ ಗುಂಪಿನಲ್ಲಿ ಈ ಪ್ರಮಾಣ ನೂರಕ್ಕೆ 5ಕ್ಕಿಂತ ಸ್ವಲ್ಪ ಹೆಚ್ಚಿತ್ತು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ ಪ್ರಯೋಗ ಇದಲ್ಲ. ಒಂದು ಬಗೆಯ ಆಸ್ಪತ್ರೆಗಳನ್ನು ಇನ್ನೊಂದು ಬಗೆಯ ಆಸ್ಪತ್ರೆಗಳೊಡನೆ ಹೋಲಿಸಲಾಗಿತ್ತು. ಆದ್ದರಿಂದ ಈ ಅಂಕಿಗಳನ್ನು ಅಂತಿಮ ಪುರಾವೆಯೆಂದು ಹೇಳಲಾಗದು.

ಇದಕ್ಕೆ ಸಮೀಪದ ಇನ್ನೊಂದು ಕ್ರಮ ಭಾರತದಲ್ಲಿಯೇ ಪರೀಕ್ಷೆಗೊಳಗಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿದ್ದ 1,867 ಮಂದಿಯ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಹೊತ್ತಿಗೆ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಬಾರಿ ವಿಚಾರಣೆ, ಇಷ್ಟೇ ಅದರಲ್ಲಿದ್ದ ಕ್ರಮ. ಅದನ್ನು ಪಡೆದ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇಕಡ 0.2, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 2.2.

## ಕರ್ನಾಟಕದಲ್ಲಿ

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) ರಾಮನಗರ ಸೀಮೆಯ ಚನ್ನಪಟ್ಟಣ ತಾಲ್ಲೂಕನ್ನು ಆರಿಸಿಕೊಂಡು, ‘ಸುರಕ್ಷಾ’ ಎಂಬ ಹೆಸರಿನಲ್ಲಿ ಸಮುದಾಯದ ಮಟ್ಟದ ಆತ್ಮಹತ್ಯೆ ತಡೆ ಯೋಜನೆಯನ್ನು ಕೈಗೊಂಡಿದೆ. ಕೆಂಗಲ್ ಇರುವುದು ಇದೇ ತಾಲ್ಲೂಕಿನಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ. ರೇಷ್ಮೆ, ಹೈನುಗಾರಿಕೆ, ಮಾವು ಮತ್ತು ರಾಗಿ ಇಲ್ಲಿನ ಜೀವನಾಧಾರಗಳು. ಸುರಕ್ಷತಾ ಯೋಜನೆಯ ಪ್ರತಿ ಹಂತವೂ ಇಂತಹ ದಿನಚರಿಯ ಒಳಗಿನಿಂದಲೇ ಹುಟ್ಟಬೇಕಾಗಿರುವುದರಿಂದ, ಈ ಲೇಖನದ ಉದಾಹರಣೆಯನ್ನು ಈ ಪರಿಸರದಿಂದ ಆರಿಸಿಕೊಳ್ಳಲಾಗಿದೆ.

ಯೋಜನೆ ಬರೆಯುವ ಮಾತುಕತೆಗೆ ಕಾನೂನಿನ ಭಯ ಅಡ್ಡಿಯಾಗುವುದುಂಟು. ಆಸ್ಪತ್ರೆಯು ವಿಷಯವನ್ನು ಪೊಲೀಸರಿಗೆ ತಿಳಿಸುವ ರೂಢಿಯಿರುವುದರಿಂದ, ಬಾಯಿಬಿಟ್ಟರೆ ಕೇಸಾಗುತ್ತದೆಂದು ರೋಗಿಯೂ ಮನೆಯವರೂ ಹೆದರುತ್ತಾರೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸತಕ್ಕದ್ದು, ಅನ್ಯಥಾ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸತಕ್ಕದ್ದಲ್ಲ ಎನ್ನುತ್ತದೆ. ಯತ್ನ ಮರುಕಳಿಸದಂತೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದನ್ನು ಸರ್ಕಾರದ ಕರ್ತವ್ಯವನ್ನಾಗಿಯೂ ಮಾಡಿದೆ. ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನಲ್ಲಿದ್ದ ಸಾಮಾನ್ಯ ಅಪರಾಧವು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಒತ್ತಾಯ ಅಥವಾ ಅಡ್ಡಿ ತರುವ ಉದ್ದೇಶದ ಯತ್ನವನ್ನು ಮಾತ್ರ ಅಲ್ಲಿ ಅಪರಾಧವೆಂದು ಉಳಿಸಿಕೊಳ್ಳಲಾಗಿದೆ. ಮಾತುಕತೆಯ ಆರಂಭದಲ್ಲಿಯೇ ಇದನ್ನು ಸರಳವಾಗಿ ತಿಳಿಸಿದರೆ ರೋಗಿಗೆ ಮುಕ್ತವಾಗಿ ಮಾತನಾಡಲು ಸಾಧ್ಯವಾಗುತ್ತದೆ.

## ಮುಚ್ಚಳಿಕೆಗೂ ಯೋಜನೆಗೂ ಇರುವ ವ್ಯತ್ಯಾಸ

‘ಇನ್ನು ಮುಂದೆ ಹೀಗೆ ಮಾಡಿಕೊಳ್ಳುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಳ್ಳುವುದು, ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ವಿದೇಶಗಳ ಆಸ್ಪತ್ರೆಗಳಲ್ಲಿಯೂ ಇಂತಹ ಒಪ್ಪಂದಪತ್ರಗಳು ಬಹುಕಾಲ ಬಳಕೆಯಲ್ಲಿದ್ದವು. ಇವು ಯತ್ನವನ್ನು ತಡೆಯುತ್ತವೆಂಬುದಕ್ಕೆ ಆಧಾರವಿಲ್ಲ. ಏನು ಮಾಡಬಾರದೆಂಬುದನ್ನು ಮುಚ್ಚಳಿಕೆ ಹೇಳುತ್ತದೆ. ಆಲೋಚನೆ ಬಂದ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ. ಆಣೆ ಇಟ್ಟವರಿಗೆ ಮತ್ತೆ ಆಲೋಚನೆ ಬಂದಾಗ, ಮಾತು ತಪ್ಪಿದೆನೆಂಬ ನಾಚಿಕೆಯಿಂದ ಅದನ್ನು ಮುಚ್ಚಿಡುವ ಸಂಭವವೇ ಹೆಚ್ಚು.

ಸುರಕ್ಷತಾ ಯೋಜನೆಯು ಆಲೋಚನೆ ಮತ್ತೆ ಬರಬಹುದೆಂಬುದನ್ನು ಒಪ್ಪಿಕೊಂಡೇ ಆರಂಭವಾಗುತ್ತದೆ. ಅದರ ಹಿಂದಿರುವ ತಿಳಿವಳಿಕೆ ಇಷ್ಟು: ಸಾಯಬೇಕೆಂಬ ತೀವ್ರ ಒತ್ತಡವು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಅದು ಏರಿ, ತುದಿ ಮುಟ್ಟಿ, ಇಳಿಯುತ್ತದೆ. ತುದಿಯಲ್ಲಿರುವಾಗ ಮನುಷ್ಯನಿಗೆ ಹೊಸದಾಗಿ ಉಪಾಯ ಹೊಳೆಯುವುದು ಕಷ್ಟ. ಆದ್ದರಿಂದ ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ ಉಪಾಯಗಳನ್ನು ಬರೆದಿಟ್ಟುಕೊಂಡು, ಏರುವಿಕೆಯ ಆರಂಭದಲ್ಲಿಯೇ ಅವನ್ನು ಬಳಸಿ, ಇಳಿಯುವವರೆಗಿನ ಸಮಯವನ್ನು ದಾಟಿಸಬೇಕು.

## ಬರೆಯುವ ಮುನ್ನ

ಸುರಕ್ಷತಾ ಯೋಜನೆಗೆ ಸಾಮಾನ್ಯವಾಗಿ 20ರಿಂದ 45 ನಿಮಿಷ ಬೇಕಾಗುತ್ತದೆ. ತರಬೇತಿ ಪಡೆದ ವೈದ್ಯರು, ಶುಶ್ರೂಷಕರು, ಆಪ್ತಸಮಾಲೋಚಕರು ಅಥವಾ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಇದನ್ನು ನಡೆಸಬಹುದು. ರೋಗಿಗೆ ದೇಹದ ಅಪಾಯ ಕಳೆದಿರಬೇಕು, ಮಂಪರು ಅಥವಾ ಮದ್ಯದ ಅಮಲು ಇಳಿದಿರಬೇಕು, ಮಾತುಕತೆ ಮಾಡುವಷ್ಟು ಚೈತನ್ಯ ಬಂದಿರಬೇಕು. ವಾರ್ಡಿನಲ್ಲಿ ನೆಂಟರು ಸುತ್ತುವರಿದಿರುವುದು ಸಾಮಾನ್ಯ. ಮೊದಲ ಭಾಗವನ್ನು ರೋಗಿಯೊಬ್ಬರೊಡನೆಯೇ, ಬೇರೆಯವರ ಕಿವಿಗೆ ಬೀಳದಂತೆ ನಡೆಸಬೇಕು.

ಹಂತಗಳಿಗೆ ತೊಡಗುವ ಮೊದಲು ರೋಗಿಯಿಂದ ಆ ದಿನದ ಕಥೆಯನ್ನು ಕೇಳಿಸಿಕೊಳ್ಳಲಾಗುತ್ತದೆ. ಬೆಳಿಗ್ಗೆ ಏನಾಯಿತು, ಮನಸ್ಸು ಯಾವಾಗ ಕೆಟ್ಟಿತು, ಯಾವ ಗಳಿಗೆಯಲ್ಲಿ ತೀರ್ಮಾನ ಮಾಡಿದಂತಾಯಿತು, ಆಮೇಲೆ ಹೇಗೆ ಇಳಿಯಿತು ಎಂಬುದನ್ನು ಅಡ್ಡಬಾರದೆ ಆಲಿಸಬೇಕು. ಯೋಜನೆಗೆ ಬೇಕಾದ ಪದಗಳು ದೊರೆಯುವುದು ಇಲ್ಲಿಯೇ. ಸಾಮಾನ್ಯವಾಗಿ ಕನ್ನಡದ ರೋಗಿಗಳು ‘ಖಿನ್ನತೆ’, ‘ಆತಂಕ’ ಎಂಬ ಪದಗಳನ್ನು ಬಳಸುವುದಿಲ್ಲ. ಎದೆ ಭಾರವಾಗುತ್ತದೆ, ತಲೆ ಕಾಯುತ್ತದೆ, ಜೀವವೇ ಬೇಸರವಾಗಿದೆ, ಯಾವುದೂ ಬೇಡವೆನಿಸುತ್ತದೆ ಎನ್ನುತ್ತಾರೆ. ಬರೆಯಬೇಕಾದುದು ಈ ಮಾತುಗಳನ್ನೇ. ‘ಖಿನ್ನತೆ ಉಂಟಾದಾಗ’ ಎಂದು ಬರೆದ ಹಾಳೆ ಸಮಾಲೋಚಕರಿಗೆ ಅರ್ಥವಾಗುತ್ತದೆ. ಆದರೆ ನಡುರಾತ್ರಿಯಲ್ಲಿ ಅದನ್ನು ಓದುವವರಿಗೆ, ತಮಗೀಗ ಆಗುತ್ತಿರುವುದು ಅದೇ ಎಂದು ಗುರುತಾಗದೆ ಹೋಗಬಹುದು.

## ಆರು ಹಂತಗಳು

ಮುಂದಿನ ಉದಾಹರಣೆಯಲ್ಲಿ ಬರುವ ಮಹಿಳೆ ಕಾಲ್ಪನಿಕ ವ್ಯಕ್ತಿ. ವಯಸ್ಸು 36, ಊರು ಕೆಂಗಲ್ ಬಳಿಯ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕಣೆ, ಒಂದು ಹಸು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಲವು ವಾರಗಳಿಂದ ಅವರಿಗೆ ನಿದ್ರೆಯಿರಲಿಲ್ಲ. ಹುಳುಗಳಿಗೆ ರೋಗ ತಗುಲಿ ಬೆಳೆ ಹೋಗಿತ್ತು, ಸಂಘದ ಸಾಲದ ಕಂತು ತಪ್ಪಿತ್ತು, ಗಂಡ ಕುಡಿದು ಬಂದ ರಾತ್ರಿ ಜಗಳವಾಗಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ನಾಲ್ಕನೆಯ ದಿನ ಆಪ್ತಸಮಾಲೋಚಕಿಯೊಬ್ಬರು ಅವರ ಜೊತೆ ಕುಳಿತಿದ್ದಾರೆ.

### 1. ಮುನ್ಸೂಚನೆಗಳು

ಒತ್ತಡ ಏರತೊಡಗಿದೆಯೆಂದು ತಿಳಿಸುವ ಆಲೋಚನೆ, ಭಾವನೆ ಅಥವಾ ವರ್ತನೆಯನ್ನು ಇಲ್ಲಿ ಬರೆಯುತ್ತಾರೆ. ಇದು ಸ್ಪಷ್ಟವಾಗಿದ್ದಷ್ಟೂ ಉಪಯುಕ್ತ. ‘ಮನಸ್ಸು ಸರಿಯಿಲ್ಲದಿದ್ದಾಗ’ ಎಂಬುದು ಸಾಲದು, ಏಕೆಂದರೆ ಮನಸ್ಸು ಸರಿಯಿಲ್ಲದ ದಿನಗಳು ಬಹಳ.

ಸಮಾಲೋಚಕಿ ‘ಅಕ್ಕಾ, ಈ ಹಾಳೆಯನ್ನು ಕೈಗೆ ತೆಗೆದುಕೊಳ್ಳಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳುತ್ತಾರೆ. ‘ಬೇಜಾರಾದಾಗ ಮೇಡಂ’ ಎಂಬುದು ಮೊದಲ ಉತ್ತರ. ಆ ವಾರದ ಕಥೆಯನ್ನು ನೆನಪಿಸಿ, ಎಲ್ಲ ಬೇಜಾರಿಗಿಂತ ಅದು ಹೇಗೆ ಬೇರೆಯಾಗಿತ್ತೆಂದು ಕೇಳಿದಾಗ ಇನ್ನೊಂದು ಉತ್ತರ ಬರುತ್ತದೆ: ‘ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ಕಂತಿನ ಲೆಕ್ಕ ತಲೆಯೊಳಗೆ ಸುತ್ತುತ್ತೆ. ನಾನಿಲ್ದಿದ್ರೆ ಇವ್ರಿಗೆ ಹಗುರ ಅನ್ಸುತ್ತೆ.’ ಇದನ್ನು ತಿದ್ದದೆ ಹಾಗೆಯೇ ಬರೆಯಲಾಗುತ್ತದೆ.

### 2. ತಾನೇ ಮಾಡಿಕೊಳ್ಳಬಹುದಾದುದು

ಯಾರ ಸಹಾಯವೂ ಇಲ್ಲದೆ, ಸ್ವಲ್ಪ ಹೊತ್ತು ಮನಸ್ಸನ್ನು ಆಲೋಚನೆಯಿಂದ ಆಚೆಗೆ ಸೆಳೆಯುವ ಕೆಲಸಗಳು ಇಲ್ಲಿ ಬರುತ್ತವೆ. ಸಮಸ್ಯೆಯನ್ನು ಬಗೆಹರಿಸುವುದು ಈ ಹಂತದ ಗುರಿಯಲ್ಲ, ಹೊತ್ತು ಕಳೆಯುವುದಷ್ಟೇ ಗುರಿ. ‘ಧ್ಯಾನ ಮಾಡಿ’, ‘ಸಂಗೀತ ಕೇಳಿ’ ಎಂದು ಸಮಾಲೋಚಕರು ಸೂಚಿಸಿದರೆ ರೋಗಿ ಮರ್ಯಾದೆಗೆ ತಲೆಯಾಡಿಸಿ ಒಪ್ಪುತ್ತಾರೆ, ಬಳಸುವುದಿಲ್ಲ. ಹಿಂದೆ ಎಂದಾದರೂ ಕೆಲಸಕ್ಕೆ ಬಂದಿದ್ದನ್ನು ಕೇಳಿ ತಿಳಿಯಬೇಕು.

ಉದಾಹರಣೆಯ ಮಹಿಳೆ ಎರಡು ಸಂಗತಿ ಹೇಳುತ್ತಾರೆ: ಮುಖ ತೊಳೆದುಕೊಂಡು ಜಗುಲಿಯ ಮೇಲೆ ಕೂರುವುದು, ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕಿ ಅದರ ಮೈ ಸವರುವುದು. ಬರೆದ ಮೇಲೆ ಪ್ರತಿಯೊಂದಕ್ಕೂ ‘ಆ ಹೊತ್ತಿನಲ್ಲಿ ಇದನ್ನು ನಿಜವಾಗಿ ಮಾಡಲು ಆಗುತ್ತದೆಯೇ, ಏನು ಅಡ್ಡ ಬರಬಹುದು?’ ಎಂದು ಕೇಳುವುದು ವಿಧಾನದ ಮುಖ್ಯ ಅಂಗ. ಹಾಗೆ ಕೇಳಿದಾಗ ಒಂದು ವಿಷಯ ಹೊರಬೀಳುತ್ತದೆ. ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿ ಇರುವುದು ಅದೇ ಕೊಟ್ಟಿಗೆಯ ಅಟ್ಟದಲ್ಲಿ! ಸಮಾಲೋಚಕಿ ಇದನ್ನು ಆರನೆಯ ಹಂತಕ್ಕೆ ಗುರುತು ಹಾಕಿಕೊಂಡು, ಡಬ್ಬಿ ಅಲ್ಲಿಂದ ಹೋಗುವವರೆಗೆ ಜಗುಲಿಯನ್ನು ಮಾತ್ರ ಹಾಳೆಯಲ್ಲಿ ಉಳಿಸುತ್ತಾರೆ.

### 3. ಮನಸ್ಸನ್ನು ಬೇರೆಡೆಗೆ ಒಯ್ಯುವ ಜನ ಮತ್ತು ಜಾಗ

ಎರಡನೆಯ ಹಂತ ಸಾಲದಿದ್ದರೆ ಜನರಿರುವ ಕಡೆಗೆ ಹೋಗಬೇಕು. ಇಲ್ಲಿ ತನ್ನ ಕಷ್ಟವನ್ನು ಯಾರಿಗೂ ಹೇಳಬೇಕಾಗಿಲ್ಲ. ನಾಲ್ಕು ಜನರ ನಡುವೆ ಇದ್ದರೆ ಸಾಕು. ಕಷ್ಟವನ್ನು ಹೇಳಿಕೊಳ್ಳಲು ಸಂಕೋಚಪಡುವವರಿಗೆ ಈ ಹಂತ ಸುಲಭವಾದ ಮೆಟ್ಟಿಲಾಗುತ್ತದೆ.

ಹಾಲಿನ ಡೈರಿ ಇಂತಹ ಜಾಗಗಳಲ್ಲಿ ಒಂದು. ಬೆಳಿಗ್ಗೆ, ಸಂಜೆ ಊರಿನವರು ಕ್ಯಾನು ಹಿಡಿದು ಅಲ್ಲಿಗೆ ಬರುತ್ತಾರೆ, ಹೋಗುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಶನಿವಾರ ಕೆಂಗಲ್ ಆಂಜನೇಯನ ಗುಡಿ ಇನ್ನೊಂದು. ಮಹಿಳೆ ಮೊದಲು ಸಂಘದ ಸಭೆಯನ್ನೂ ಹೆಸರಿಸುತ್ತಾರೆ. ಆದರೆ ತಪ್ಪಿದ ಕಂತನ್ನು ಕೇಳುವುದು ಆ ಸಭೆಯಲ್ಲಿಯೇ. ‘ಅಲ್ಲಿಗೆ ಹೋದರೆ ಹಗುರ ಆಗುತ್ತಾ, ಭಾರ ಆಗುತ್ತಾ?’ ಎಂದು ಕೇಳಿದಾಗ ಅವರೇ ಅದನ್ನು ಹೊಡೆದುಹಾಕುತ್ತಾರೆ. ರಾತ್ರಿ ಎರಡು ಗಂಟೆಗೆ ಡೈರಿಯೂ ಇಲ್ಲ, ಗುಡಿಯೂ ಇಲ್ಲ. ಆ ಹೊತ್ತಿಗೆ ನಡುಮನೆಯಲ್ಲಿ ಮಲಗುವ ಅತ್ತೆಯ ಪಕ್ಕಕ್ಕೆ ಚಾಪೆ ಹಾಕಿಕೊಳ್ಳುವುದು ಎಂದು ಸೇರಿಸಲಾಗುತ್ತದೆ.

### 4. ಸಹಾಯ ಕೇಳಬಹುದಾದವರು

ಇಲ್ಲಿ ವಿಷಯವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಆದ್ದರಿಂದ ಹತ್ತಿರದ ನೆಂಟರೆಂಬ ಕಾರಣಕ್ಕೆ ಯಾರನ್ನೂ ಬರೆಯುವಂತಿಲ್ಲ. ಹೇಳಿದರೆ ಬೈಯುವವರು, ಅಳುವವರು, ಊರಿಗೆಲ್ಲ ಸಾರುವವರು ಇದಕ್ಕೆ ತಕ್ಕವರಲ್ಲ. ಹೆಸರಿನ ಮುಂದೆ ದೂರವಾಣಿ ಸಂಖ್ಯೆ ಇರಬೇಕು, ಅದು ಈಗ ಚಾಲ್ತಿಯಲ್ಲಿರಬೇಕು.

ಮಹಿಳೆ ಕನಕಪುರದಲ್ಲಿರುವ ತಂಗಿಯನ್ನೂ ಪಕ್ಕದ ಮನೆಯ ದೊಡ್ಡಮ್ಮನನ್ನೂ ಆರಿಸುತ್ತಾರೆ. ಗಂಡನ ಹೆಸರನ್ನು ಸೇರಿಸಲು ಒಪ್ಪುವುದಿಲ್ಲ, ಸಮಾಲೋಚಕಿಯೂ ಒತ್ತಾಯಿಸುವುದಿಲ್ಲ. ಆದರೆ ‘ತಂಗಿಗೆ ಫೋನ್ ಮಾಡಿ ಏನಂತ ಹೇಳುತ್ತೀರಿ?’ ಎಂಬ ಪ್ರಶ್ನೆಗೆ ಅವರು ಮೌನವಾಗುತ್ತಾರೆ. ಎಷ್ಟೋ ಯೋಜನೆಗಳು ಮುರಿದುಬೀಳುವುದು ಈ ಮೌನದಲ್ಲಿ. ಆದ್ದರಿಂದ ಹೇಳಬೇಕಾದ ಮೊದಲ ವಾಕ್ಯವನ್ನು ಅಲ್ಲಿಯೇ ಹುಡುಕಿ ಬರೆದು, ಒಮ್ಮೆ ಬಾಯಿಬಿಟ್ಟು ಹೇಳಿಸಲಾಗುತ್ತದೆ: ‘ನಂಗೆ ಮತ್ತೆ ಅವತ್ತಿನ ಥರ ಆಗ್ತಿದೆ. ಫೋನ್ ಇಡಬೇಡ, ಮಾತಾಡ್ತಾ ಇರು.’ ಅವರ ಒಪ್ಪಿಗೆಯಿಂದ ತಂಗಿಗೂ ದೊಡ್ಡಮ್ಮನಿಗೂ ವಿಷಯ ತಿಳಿಸಿ, ಕರೆ ಬಂದರೆ ಏನು ಮಾಡಬೇಕೆಂಬುದನ್ನು ಹೇಳಲಾಗುತ್ತದೆ.

### 5. ಚಿಕಿತ್ಸಕರು ಮತ್ತು ಸಹಾಯವಾಣಿ

ಮುಂದಿನ ಭೇಟಿಯ ದಿನ, ಹೋಗಬೇಕಾದ ಕೊಠಡಿ, ಕರೆ ಮಾಡಬಹುದಾದ ಸಂಖ್ಯೆ ಇಲ್ಲಿರುತ್ತವೆ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಹೊರರೋಗಿ ಸೇವೆಯ ವ್ಯವಸ್ಥೆ ಮಾಡಲಾಗಿದೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾದುದು. 2022ರ ಅಕ್ಟೋಬರ್ 10ರಂದು ಆರಂಭವಾದ ಇದು ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು. ಆಂಬುಲೆನ್ಸಿಗೆ 108, ಇತರ ತುರ್ತು ನೆರವಿಗೆ 112. ಸಮಾಲೋಚಕಿಯ ಎದುರಿನಲ್ಲಿಯೇ ಒಮ್ಮೆ 14416ಕ್ಕೆ ಕರೆ ಮಾಡಿ ನೋಡಿದರೆ, ಆ ಕಡೆಯಿಂದ ಮೊದಲು ಕೇಳಿಬರುವುದೇನು, ಭಾಷೆಯನ್ನು ಹೇಗೆ ಆರಿಸುವುದು ಎಂಬುದು ತಿಳಿದಿರುತ್ತದೆ.

### 6. ಮನೆಯನ್ನು ಅಪಾಯವಿಲ್ಲದಂತೆ ಮಾಡುವುದು

ಮೊದಲ ಐದು ಹಂತಗಳು ಹೊತ್ತು ಕಳೆಯಲು ನೆರವಾಗುತ್ತವೆ. ಆ ಹೊತ್ತಿನಲ್ಲಿ ಕೈಗೆ ಅಪಾಯದ ವಸ್ತು ಸಿಗದಂತೆ ನೋಡಿಕೊಳ್ಳುವುದು ಆರನೆಯದು. ಒತ್ತಡ ತುದಿ ಮುಟ್ಟಿ ಇಳಿಯುವ ಅವಧಿ ಸಾಮಾನ್ಯವಾಗಿ ಚಿಕ್ಕದಾಗಿರುವುದರಿಂದ, ವಸ್ತುವಿಗೂ ಮನುಷ್ಯನಿಗೂ ನಡುವೆ ಉಂಟಾಗುವ ಅಂತರವೇ ಜೀವ ಉಳಿಸಬಲ್ಲದು. ವಿಶ್ವಾಸ ಬೆಳೆದ ಮೇಲೆ ಈ ಮಾತು ಸುಲಭವಾಗುವುದರಿಂದ ಇದನ್ನು ಕೊನೆಯಲ್ಲಿ ಇಟ್ಟಿದ್ದಾರೆ. ಮಹತ್ವ ಕಡಿಮೆಯೆಂದಲ್ಲ.

ಗ್ರಾಮೀಣ ಕನ್ನಡದಲ್ಲಿ ‘ಔಷಧಿ’ ಎಂಬ ಒಂದೇ ಪದ ಮನುಷ್ಯರು ನುಂಗುವ ಮಾತ್ರೆಗೂ ಗಿಡಕ್ಕೆ ಸಿಂಪಡಿಸುವ ಕೀಟನಾಶಕಕ್ಕೂ ಸಲ್ಲುತ್ತದೆ. ‘ಮನೆಯಲ್ಲಿ ಔಷಧಿ ಇದೆಯೇ?’ ಎಂದು ಕೇಳಿದರೆ ಉತ್ತರ ತಪ್ಪಬಹುದು. ಗಿಡಕ್ಕೆ ಹೊಡೆಯುವುದು ಬೇರೆ, ಮಾತ್ರೆ ಬೇರೆ ಎಂದು ಬಿಡಿಸಿ ಕೇಳಿ, ಎಲ್ಲಿದೆ, ಬೀಗವಿದೆಯೇ, ಬೀಗದ ಕೈ ಯಾರ ಹತ್ತಿರವಿದೆ ಎಂದು ವಿಚಾರಿಸಬೇಕು. ಶ್ರೀಲಂಕಾದ 180 ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಹಾಕಬಹುದಾದ ಪೆಟ್ಟಿಗೆಗಳನ್ನು ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕೀಟನಾಶಕ ಸೇವನೆ ಅದರಿಂದ ಕಡಿಮೆಯಾಗಲಿಲ್ಲ. ಬೀಗ ಮನೆಯೊಳಗೇ ಇದ್ದರೆ ಸಾಲದು, ವಸ್ತುವೇ ಮನೆಯಿಂದ ದೂರವಿರುವುದು ಹೆಚ್ಚು ಸುರಕ್ಷಿತವೆಂದು ತಿಳಿಯಲು ಇದು ಆಧಾರ.

ಉದಾಹರಣೆಯಲ್ಲಿ, ಅಟ್ಟದ ಡಬ್ಬಿಯನ್ನು ಭಾವನವರ ಮನೆಯಲ್ಲಿ ಬೀಗ ಹಾಕಿಡುವುದು, ಸಿಂಪಡಿಸುವ ದಿನ ಭಾವನೇ ತಂದು ಸಿಂಪಡಿಸಿ ಉಳಿದದ್ದನ್ನು ಒಯ್ಯುವುದು, ವೈದ್ಯರು ಬರೆದ ಮಾತ್ರೆಗಳನ್ನು ಒಂದೊಂದು ವಾರಕ್ಕಷ್ಟೇ ಪಡೆದು ಅತ್ತೆಯ ಕೈಯಲ್ಲಿರಿಸುವುದು ಎಂದು ತೀರ್ಮಾನವಾಗುತ್ತದೆ. ಡಬ್ಬಿಯನ್ನು ತೆಗೆಯುವ ಕೆಲಸವನ್ನು ರೋಗಿಗೆ ವಹಿಸುವುದಿಲ್ಲ. ಅವರು ಮನೆ ತಲುಪುವ ಮುನ್ನವೇ ಭಾವ ಅದನ್ನು ತೆಗೆದು, ಆಸ್ಪತ್ರೆಗೆ ತಿಳಿಸಬೇಕು.

## ಪೂರ್ಣಗೊಂಡ ಹಾಳೆ

ಮೇಲಿನ ಮಾತುಕತೆಯ ಕೊನೆಗೆ ಹಾಳೆ ಹೀಗಿರುತ್ತದೆ. ಸಂಖ್ಯೆಗಳ ಜಾಗದಲ್ಲಿ ನಿಜವಾದ ದೂರವಾಣಿ ಸಂಖ್ಯೆಗಳಿರುತ್ತವೆ.

> 1. ನಂಗೆ ಗೊತ್ತಾಗೋದು: ರಾತ್ರಿ ಎಚ್ಚರ ಆಗಿ ಕಂತಿನ ಲೆಕ್ಕ ತಲೆಯೊಳಗೆ ಸುತ್ತುತ್ತೆ. ನಾನಿಲ್ದಿದ್ರೆ ಇವ್ರಿಗೆ ಹಗುರ ಅನ್ಸುತ್ತೆ.
>
> 2. ನಾನೇ ಮಾಡೋದು: ಮುಖ ತೊಳ್ಕೊಂಡು ಜಗುಲಿ ಮೇಲೆ ಕೂತ್ಕೋತೀನಿ. (ಡಬ್ಬಿ ಹೋದ್ಮೇಲೆ: ಹಸುಗೆ ಹುಲ್ಲು ಹಾಕಿ ಮೈ ಸವರ್ತೀನಿ.)
>
> 3. ಹೋಗೋ ಜಾಗ: ಬೆಳಿಗ್ಗೆ, ಸಂಜೆ ಡೈರಿ. ಶನಿವಾರ ಕೆಂಗಲ್ ಗುಡಿ. ರಾತ್ರಿ ಆದ್ರೆ ಅತ್ತೆ ಪಕ್ಕ ಚಾಪೆ ಹಾಕ್ಕೋತೀನಿ.
>
> 4. ಹೇಳ್ಕೊಳ್ಳೋದು: ತಂಗಿ (ಸಂಖ್ಯೆ). ಪಕ್ಕದ ಮನೆ ದೊಡ್ಡಮ್ಮ (ಸಂಖ್ಯೆ). ‘ನಂಗೆ ಮತ್ತೆ ಅವತ್ತಿನ ಥರ ಆಗ್ತಿದೆ. ಫೋನ್ ಇಡಬೇಡ, ಮಾತಾಡ್ತಾ ಇರು.’
>
> 5. ಆಸ್ಪತ್ರೆ: ಆಪ್ತಸಮಾಲೋಚಕಿ (ಸಂಖ್ಯೆ). ಮಂಗಳವಾರ ತಾಲ್ಲೂಕು ಆಸ್ಪತ್ರೆ. 14416 ಯಾವಾಗ ಬೇಕಾದ್ರೂ. ತಡ್ಕೊಳ್ಳಕ್ಕೆ ಆಗದಿದ್ರೆ 108, 112.
>
> 6. ಮನೇಲಿ: ಗಿಡದ ಔಷಧಿ ಭಾವನ ಮನೇಲಿ. ಮಾತ್ರೆ ಅತ್ತೆ ಹತ್ರ, ಒಂದು ವಾರದ್ದು ಮಾತ್ರ.

ಹಂತಗಳನ್ನು ಕ್ರಮವಾಗಿಯೇ ಏರಬೇಕೆಂಬ ಕಟ್ಟುಪಾಡಿಲ್ಲ. ಒತ್ತಡ ಒಮ್ಮೆಲೇ ಏರಿದರೆ ನೇರವಾಗಿ ನಾಲ್ಕಕ್ಕೆ ಅಥವಾ ಐದಕ್ಕೆ ಹೋಗಬಹುದೆಂದು ಬಾಯಿಬಿಟ್ಟು ಹೇಳಬೇಕು. ಬಳಕೆಯಲ್ಲಿರುವ ಕೆಲವು ನಮೂನೆಗಳಲ್ಲಿ, ಬದುಕಲು ತನಗೆ ಮುಖ್ಯವಾದುದು ಏನೆಂದು ಬರೆಯುವ ಸಾಲೂ ಕೊನೆಯಲ್ಲಿರುತ್ತದೆ.

## ಓದಲು ಬಾರದವರಿಗೆ

ಹಾಳೆ ಓದಲಾಗದವರಿಗೆ ಇದೇ ಕ್ರಮವನ್ನು ಧ್ವನಿಯಲ್ಲಿ ಮಾಡಬಹುದು. ರೋಗಿ ತಮ್ಮ ಮಾತಿನಲ್ಲಿಯೇ ಆರು ಹಂತಗಳನ್ನು ಹೇಳಿ, ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುತ್ತಾರೆ. ಕರೆ ಮಾಡಬೇಕಾದವರ ಭಾವಚಿತ್ರವನ್ನು ಅವರ ಸಂಖ್ಯೆಗೆ ಜೋಡಿಸಿಟ್ಟರೆ ಹೆಸರು ಓದಬೇಕಾಗುವುದಿಲ್ಲ. ಜಗುಲಿ, ಡೈರಿ, ಫೋನು ಎಂದು ಸರಳ ಚಿತ್ರ ಬರೆದ ಹಾಳೆಯೂ ಆಗುತ್ತದೆ. ಮೊಬೈಲು ಮನೆಮಂದಿಗೆಲ್ಲ ಒಂದೇ ಆಗಿದ್ದರೆ, ಅದು ರಾತ್ರಿ ಯಾರ ಬಳಿ ಇರುತ್ತದೆ, ಧ್ವನಿಮುದ್ರಣವನ್ನು ಬೇರೆಯವರು ಕೇಳಿಸಿಕೊಂಡರೆ ತೊಂದರೆಯಾದೀತೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಹಾಳೆಯನ್ನು ಎಲ್ಲಿಡುವುದು ಎಂಬುದನ್ನೂ ರೋಗಿಯೇ ನಿರ್ಧರಿಸುತ್ತಾರೆ. ಆಸ್ಪತ್ರೆಯ ಫೈಲಿನಲ್ಲಿ ಒಂದು ಪ್ರತಿ ಉಳಿಯಬೇಕು. ಆದರೆ ಮೂಲ ಹಾಳೆ ಇರಬೇಕಾದುದು ರೋಗಿಯ ಕೈಗೆಟಕುವ ಕಡೆ.

## ಬಿಡುಗಡೆಯ ನಂತರ

ಮೊದಲ ಕರೆ ಬಿಡುಗಡೆಯಾದ 72 ಗಂಟೆಗಳೊಳಗೆ ಹೋಗಬೇಕು. ಬಳಿಕ ರೋಗಿ ಹೊರರೋಗಿ ಚಿಕಿತ್ಸೆಗೆ ಬಂದು ಸೇರುವವರೆಗೆ ಕರೆಗಳು ಮುಂದುವರಿಯುತ್ತವೆ. ಪ್ರತಿ ಕರೆಯಲ್ಲಿ ಮೂರು ಕೆಲಸಗಳಿವೆ: ಸಾಯುವ ಆಲೋಚನೆ ಈಗ ಇದೆಯೇ ಎಂದು ನೇರವಾಗಿ ಕೇಳುವುದು, ಯೋಜನೆಯನ್ನು ಪರಿಶೀಲಿಸಿ ತಿದ್ದುವುದು, ಮುಂದಿನ ಭೇಟಿಗೆ ಅಡ್ಡಿಯೇನಾದರೂ ಇದೆಯೇ ಎಂದು ತಿಳಿಯುವುದು. ನೇರವಾಗಿ ಕೇಳಿದರೆ ಆಲೋಚನೆ ಹುಟ್ಟೀತೆಂಬ ಭಯ ವ್ಯಾಪಕವಾಗಿದೆ, ಅದಕ್ಕೆ ಆಧಾರವಿಲ್ಲ.

ಯೋಜನೆ ಬಳಕೆಯಲ್ಲಿದೆಯೇ ಎಂಬುದು ಎರಡು ಪ್ರಶ್ನೆಗಳಿಂದ ಗೊತ್ತಾಗುತ್ತದೆ: ‘ಹಾಳೆ ಈಗ ಎಲ್ಲಿದೆ?’, ‘ಹೋದ ಸಲ ಕಷ್ಟವಾದಾಗ ಅದರಲ್ಲಿ ಯಾವುದನ್ನು ಮಾಡಿದಿರಿ?’ ಉದಾಹರಣೆಯ ಮಹಿಳೆ ಮೂರನೆಯ ದಿನದ ಕರೆಯಲ್ಲಿ, ಅತ್ತೆಯ ಪಕ್ಕ ಮಲಗಿದ್ದು ಕೆಲಸಕ್ಕೆ ಬಂತು, ದೊಡ್ಡಮ್ಮ ಮಾತ್ರ ಮಗಳ ಊರಿಗೆ ಹೋಗಿದ್ದಾರೆ ಎನ್ನುತ್ತಾರೆ. ದೊಡ್ಡಮ್ಮ ಮರಳುವವರೆಗೆ ಇನ್ನೊಬ್ಬರ ಹೆಸರು ಸೇರುತ್ತದೆ. ಡಬ್ಬಿ ಅಟ್ಟದಲ್ಲಿಲ್ಲವೆಂಬುದು ಭಾವನಿಂದ ಖಚಿತವಾದ ಬಳಿಕ ಎರಡನೆಯ ಹಂತಕ್ಕೆ ಹಸು ಮರಳುತ್ತದೆ.

## ಸಾಮಾನ್ಯ ಲೋಪಗಳು

ಸಮಾಲೋಚಕರೇ ಹಾಳೆಯನ್ನು ತುಂಬಿ ರೋಗಿಯಿಂದ ಸಹಿ ಪಡೆಯುವುದು ಪದೇ ಪದೇ ಕಾಣುವ ಲೋಪ. ಹಲವು ರೋಗಿಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎಲ್ಲದರಲ್ಲಿಯೂ ಒಂದೇ ಬಗೆಯ ಪುಸ್ತಕದ ಮಾತುಗಳಿದ್ದರೆ ಈ ಲೋಪ ಪತ್ತೆಯಾಗುತ್ತದೆ. ಇನ್ನೊಂದು, ಮನೆಯವರ ಎದುರಿನಲ್ಲಿ ಎಲ್ಲವನ್ನೂ ಬರೆಯುವುದು. ಆಗ ಜಗಳದಲ್ಲಿ ಪಾಲ್ಗೊಂಡವರ ಹೆಸರೇ ನಾಲ್ಕನೆಯ ಹಂತದಲ್ಲಿ ಬಂದು ಕೂರುತ್ತದೆ. ಮನೆಯವರಿಗೆ ಎಷ್ಟು ತಿಳಿಸಬೇಕೆಂಬುದಕ್ಕೆ ರೋಗಿಯ ಒಪ್ಪಿಗೆ ಪಡೆಯಬೇಕು. ಗೌಪ್ಯತೆಯ ಹಕ್ಕನ್ನು 2017ರ ಕಾಯ್ದೆ ನೀಡಿದೆ, ಪ್ರಾಣಾಪಾಯ ತಪ್ಪಿಸಲು ಅಗತ್ಯವಾದಷ್ಟನ್ನು ತಿಳಿಸುವುದಕ್ಕೂ ಅವಕಾಶವಿಟ್ಟಿದೆ. ಆರನೆಯ ಹಂತವನ್ನು ‘ಅಪಾಯದ ವಸ್ತುಗಳನ್ನು ದೂರವಿಡುವುದು’ ಎಂಬ ಒಂದು ಸಾಲಿನಲ್ಲಿ ಮುಗಿಸುವುದು ಮೂರನೆಯ ಲೋಪ. ಯಾವ ವಸ್ತು, ಯಾರು, ಎಲ್ಲಿಗೆ, ಯಾವ ದಿನ ಎಂಬ ನಾಲ್ಕೂ ಇಲ್ಲದಿದ್ದರೆ ಆ ಹಂತ ಬರೆದಂತಾಗುವುದಿಲ್ಲ.

## ಮಿತಿಗಳು

ಸುರಕ್ಷತಾ ಯೋಜನೆ ಚಿಕಿತ್ಸೆಗೆ ಬದಲಿಯಲ್ಲ. ಖಿನ್ನತೆ, ಮದ್ಯವ್ಯಸನ ಮುಂತಾದ ಕಾಯಿಲೆಗಳಿಗೆ ಪ್ರತ್ಯೇಕ ಚಿಕಿತ್ಸೆ ಬೇಕು. ಸಾಲ, ಮನೆಯೊಳಗಿನ ಹಿಂಸೆ, ಹೋದ ಬೆಳೆ ಇವು ಒಂದು ಹಾಳೆಯಿಂದ ಪರಿಹಾರವಾಗುವುದಿಲ್ಲ. ಸಂಘದೊಡನೆ ಕಂತಿನ ಗಡುವಿನ ಬಗ್ಗೆ ಮಾತನಾಡುವುದು, ಗಂಡನನ್ನು ಮದ್ಯವ್ಯಸನದ ಚಿಕಿತ್ಸೆಗೆ ಕರೆತರುವುದು ಬೇರೆಯೇ ಕೆಲಸಗಳಾಗಿ ನಡೆಯಬೇಕಾಗುತ್ತದೆ. ಈಗಲೂ ಸಾಯುವ ನಿರ್ಧಾರದಲ್ಲಿಯೇ ಇರುವವರು, ಇಲ್ಲದ ಧ್ವನಿಗಳನ್ನು ಕೇಳುತ್ತಿರುವವರು, ಮಾತುಕತೆಯಲ್ಲಿ ತೊಡಗಲಾಗದವರು ಇದ್ದರೆ ಹಾಳೆ ಬರೆದು ಮನೆಗೆ ಕಳುಹಿಸುವುದು ಸರಿಯಲ್ಲ. ಅವರಿಗೆ ಆಸ್ಪತ್ರೆಯಲ್ಲಿಯೇ ಆರೈಕೆ ಮತ್ತು ನಿಗಾ ಅಗತ್ಯ.

ಸಾಯಬೇಕೆಂಬ ಆಲೋಚನೆ ಇರುವವರು, ಅಂತಹವರ ಬಗ್ಗೆ ಕಳವಳಪಡುವವರು ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಪ್ರಾಣಾಪಾಯವಿದ್ದಲ್ಲಿ 112 ಅಥವಾ 108ಕ್ಕೆ ಕರೆ ಮಾಡಬೇಕು.